ಮೂವತ್ತಾರನೇ ಹಲ್ಲಿನ ಲೆಕ್ಕ

‘ಬಾಯಾಗ ಇರೋವೇ ಮೂವತ್ತೆರಡು ಹಲ್ಲು. ಈ ಮೂವತ್ತಾರನೇದು ಎಲ್ಲಿಂದ ಬಂತ್ರಿ?’

ಕಲಬುರಗಿಯ ಹಲ್ಲಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ಚೀಟಿಯನ್ನು ಕೈಗೆ ತೆಗೆದುಕೊಂಡ ತಂದೆಯೊಬ್ಬ ಹೀಗೆ ಕೇಳಿದರೆ ಆಶ್ಚರ್ಯವಿಲ್ಲ. ಚೀಟಿಯ ಮೇಲೆ ‘36 – ಆರ್‌ಸಿಟಿ, ಕ್ಯಾಪ್’ ಎಂದಿರುತ್ತದೆ. ಪಕ್ಕದಲ್ಲಿ ಸಾವಿರಗಳ ಲೆಕ್ಕ. ಓದಲು ಬರುವವರಿಗೂ ಅರ್ಥವಾಗದ ಈ ಒಂದು ಹಾಳೆಯ ಮುಂದೆ ಕುಳಿತೇ ಅನೇಕ ಪಾಲಕರು ‘ಕಿತ್ತುಬಿಡ್ರಿ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಆ ತೀರ್ಮಾನ ಸರಿಯೋ ತಪ್ಪೋ ಎಂಬುದು ಹಾಳೆಯ ಒಂದೊಂದು ಸಾಲನ್ನು ಬಿಡಿಸಿ ನೋಡಿದ ಮೇಲೆ ತಿಳಿಯಬೇಕಾದ ಮಾತು.

ಉದಾಹರಣೆಗೆ ಕಮಲಾಪುರದ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಕೆಂಪು ಬಾಳೆಗೆ ಹೆಸರಾದ ಊರು. ತಂದೆಗೆ ಎರಡೆಕರೆ ತೋಟ. ಮಗಳಿಗೆ ಹದಿನೇಳು ವರ್ಷ, ದ್ವಿತೀಯ ಪಿಯುಸಿ. ಕೆಳಗಿನ ಎಡದವಡೆಯ ಹಲ್ಲು ನಾಲ್ಕು ತಿಂಗಳಿಂದ ತಣ್ಣೀರಿಗೆ ಝುಂ ಎನ್ನುತ್ತಿತ್ತು. ಮೊದಮೊದಲು ನೀರು ನುಂಗಿದ ಕೂಡಲೇ ನಿಲ್ಲುತ್ತಿದ್ದ ನೋವು ಬರಬರುತ್ತ ಐದು ನಿಮಿಷ, ಹತ್ತು ನಿಮಿಷ ಉಳಿಯತೊಡಗಿತು. ಈಗ ರಾತ್ರಿ ಮಲಗಿದ ಮೇಲೆ ಎಬ್ಬಿಸುತ್ತದೆ. ಔಷಧ ಅಂಗಡಿಯ ಮಾತ್ರೆ ಮೂರು ಸಲ ಆಗಿದೆ. ಹುಮನಾಬಾದ್ ರಸ್ತೆಯ ಬಸ್ಸು ಹಿಡಿದು ಅಪ್ಪ, ಮಗಳು ಕಲಬುರಗಿಗೆ ಬಂದಿದ್ದಾರೆ.

ಮೊದಲು ಸಂಖ್ಯೆಯ ಒಗಟು. ದಂತವೈದ್ಯರು ಬಾಯಿಯನ್ನು ನಾಲ್ಕು ಭಾಗ ಮಾಡುತ್ತಾರೆ. ಮೇಲಿನ ಬಲ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4. ಪ್ರತಿ ಭಾಗದಲ್ಲೂ ನಡುವಿನ ಹಲ್ಲಿನಿಂದ ಹಿಂದಕ್ಕೆ ಒಂದರಿಂದ ಎಂಟರವರೆಗೆ ಎಣಿಕೆ. ಆದ್ದರಿಂದ 36 ಎಂದರೆ ಮೂರನೆಯ ಭಾಗದ ಆರನೆಯ ಹಲ್ಲು. ‘ಮೂರು-ಆರು’ ಎಂದು ಓದಬೇಕು. ಬಲಗಡೆಯ ಅದರ ಜೋಡಿ 46. ಚೀಟಿಯ ಸಂಖ್ಯೆಯೂ ನೋಯುವ ಹಲ್ಲೂ ಒಂದೇ ಹೌದೋ ಅಲ್ಲವೋ ಎಂದು ಪಾಲಕರೇ ಎಣಿಸಿ ನೋಡಬಹುದು, ನೋಡಲೂಬೇಕು.

ಈ ಆರನೆಯ ಹಲ್ಲಿನ ಕಥೆಯೇ ಬೇರೆ. ಮಗುವಿಗೆ ಸುಮಾರು ಆರು ವರ್ಷವಾದಾಗ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಮೂಡುತ್ತದೆ. ಯಾವ ಹಾಲುಹಲ್ಲೂ ಬಿದ್ದು ಜಾಗ ಬಿಡುವುದಿಲ್ಲವಾದ್ದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ‘ಹಾಲುಹಲ್ಲು, ಹುಳುಕಾದರೆ ಬಿದ್ದು ಬೇರೆ ಬರುತ್ತದೆ’ ಎಂದು ಬಿಟ್ಟವರು ಬಹಳ. ಅದು ಶಾಶ್ವತ ಹಲ್ಲು, ಬೇರೆ ಬರುವುದಿಲ್ಲ. ಬಾಯಲ್ಲಿ ಹೆಚ್ಚು ಅಗಿಯುವ ಹಲ್ಲುಗಳಲ್ಲಿ ಅದೂ ಒಂದು. ಹೆಚ್ಚು ಹುಳುಕಾಗುವುದೂ ಅದೇ.

ಚೀಟಿಯ ಮೊದಲ ಸಾಲು ತಪಾಸಣೆ ಮತ್ತು ಎಕ್ಸ್-ರೇ: 300 ರೂಪಾಯಿ. ಇಲ್ಲಿ ಕೊಟ್ಟ ಅಂಕಿಗಳು ಉದಾಹರಣೆಯವು. ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತವೆ. ಆದರೆ ಸಾಲುಗಳು ಎಲ್ಲೆಡೆ ಹೆಚ್ಚುಕಡಿಮೆ ಇವೇ. ವೈದ್ಯರು ಹಲ್ಲಿಗೆ ತಣ್ಣನೆಯದನ್ನು ಮುಟ್ಟಿಸಿ ನೋವು ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುತ್ತಾರೆ, ಕನ್ನಡಿಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾರೆ. ತಣ್ಣನೆಯದು ತೆಗೆದ ಮೇಲೂ ನೋವು ಉಳಿದರೆ ಒಳಗಿನ ತಿರುಳು ಮರಳಿ ಸುಧಾರಿಸುವ ಹಂತ ದಾಟಿದೆ ಎಂದು ಅರ್ಥ. ತಟ್ಟಿದಾಗ ನೋವಾದರೆ ಉರಿ ಬೇರಿನ ತುದಿಯ ಆಚೆಗೂ ಮುಟ್ಟಿದೆ.

ತಿರುಳು ಎಂದರೆ ಹಲ್ಲಿನೊಳಗಿನ ಮೆತ್ತನೆಯ ಭಾಗ, ನರ ಮತ್ತು ರಕ್ತನಾಳಗಳ ಎಳೆ. ಕಾಲು ಉಳುಕಿದರೆ ಊದಿಕೊಳ್ಳಲು ಜಾಗವಿದೆ. ಹಲ್ಲಿನ ತಿರುಳಿಗೆ ಸುತ್ತಲೂ ಗಟ್ಟಿ ಗೋಡೆ, ಊದಲು ಎಡೆಯಿಲ್ಲ. ರಕ್ತ ಬರುವ ದಾರಿ ಬೇರಿನ ತುದಿಯ ಸಣ್ಣ ತೂತು ಮಾತ್ರ. ಒತ್ತಡ ಏರಿ ತಿರುಳು ಸಾಯತೊಡಗುತ್ತದೆ. ಹಾಗಾಗಿ ಆಂಟಿಬಯಾಟಿಕ್ ಮಾತ್ರೆ ಎಷ್ಟು ನುಂಗಿದರೂ ಈ ನೋವಿಗೆ ಅದು ಮದ್ದಲ್ಲ. ಇನ್ನೊಂದು ಮೋಸವೂ ಇದೆ. ತಿರುಳು ಪೂರ್ತಿ ಸತ್ತಾಗ ನೋವು ತಾನಾಗಿ ನಿಲ್ಲುತ್ತದೆ. ‘ಕಡಿಮಿ ಆಯ್ತು’ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಸೋಂಕು ಮಾತ್ರ ಬೇರಿನ ತುದಿಯಿಂದ ದವಡೆಯ ಎಲುಬಿಗೆ ಇಳಿಯುತ್ತಿರುತ್ತದೆ. (ನೋಯುವ ಹಲ್ಲಿನ ಪಕ್ಕ ಆಸ್ಪಿರಿನ್ ಗುಳಿಗೆ ಒತ್ತಿ ಇಡುವ ಅಭ್ಯಾಸ ಕೆಲವರಿಗಿದೆ. ಅದರಿಂದ ಒಸಡು ಸುಡುತ್ತದೆಯೇ ಹೊರತು ಹಲ್ಲಿಗೇನೂ ಆಗುವುದಿಲ್ಲ.)

ಎರಡನೆಯ ಸಾಲು ರೂಟ್ ಕೆನಾಲ್: 3,500 ರೂಪಾಯಿ. ಸತ್ತ ಅಥವಾ ಸಾಯುತ್ತಿರುವ ತಿರುಳನ್ನು ತೆಗೆದು, ಬೇರಿನ ನಾಳಗಳನ್ನು ತೊಳೆದು, ಮತ್ತೆ ಕ್ರಿಮಿ ಸೇರದಂತೆ ತುಂಬಿ ಮುಚ್ಚುವುದೇ ಈ ಚಿಕಿತ್ಸೆ. ದವಡೆ ಮರಗಟ್ಟಿಸುವ ಸೂಜಿ ಕೊಟ್ಟ ಮೇಲೆ ಹಲ್ಲಿನ ನೆತ್ತಿಯಲ್ಲಿ ಕಿಂಡಿ ತೆರೆಯುತ್ತಾರೆ. ಮೂವತ್ತಾರನೇ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು. ಮುಂದಿನ ಬೇರಿನಲ್ಲಿ ಎರಡು, ಹಿಂದಿನದರಲ್ಲಿ ಒಂದು, ಹೀಗೆ ಮೂರು ನಾಳ, ಕೆಲವರಲ್ಲಿ ನಾಲ್ಕು. ನಾಲ್ಕನೆಯದನ್ನು ಹುಡುಕದೆ ಬಿಟ್ಟರೆ ಅದರೊಳಗಿನ ಕೊಳೆ ತಿಂಗಳುಗಳ ನಂತರ ಮತ್ತೆ ತಲೆ ಎತ್ತುತ್ತದೆ. ಮುಂದಿನ ಹಲ್ಲಿಗಿಂತ ದವಡೆ ಹಲ್ಲಿನ ದರ ಹೆಚ್ಚಿರುವುದು ಇದೇ ಕಾರಣಕ್ಕೆ: ಮುಂದಿನದಕ್ಕೆ ಬಹುತೇಕ ಒಂದೇ ನಾಳ.

ನಾಳದ ಉದ್ದ ಅಳೆಯುವುದು ಈ ಕೆಲಸದ ಜೀವಾಳ. ಹಲ್ಲಿನ ನೆತ್ತಿಯಿಂದ ಬೇರಿನ ತುದಿಗೆ ಸುಮಾರು 21 ಮಿಲಿಮೀಟರ್ ಎನ್ನಿ. ಫೈಲ್ ಎಂಬ ತೆಳ್ಳನೆಯ ಸೂಜಿಯನ್ನು ಇಳಿಸಿ, ವಿದ್ಯುತ್ ಉಪಕರಣದಿಂದಲೋ ಎಕ್ಸ್-ರೇಯಿಂದಲೋ ಅದರ ತುದಿ ಎಲ್ಲಿ ಮುಟ್ಟಿದೆಯೆಂದು ನೋಡುತ್ತಾರೆ. ಮೊದಲು ಇಳಿಯುವ ಹತ್ತನೇ ನಂಬರಿನ ಫೈಲಿನ ತುದಿ ಮಿಲಿಮೀಟರಿನ ಹತ್ತನೆಯ ಒಂದು ಪಾಲಷ್ಟೇ ದಪ್ಪ. ಅದರಿಂದ ಆರಂಭಿಸಿ ಒಂದೊಂದೇ ಅಳತೆ ಏರಿಸುತ್ತ ನಾಳವನ್ನು ಅಗಲ ಮಾಡುತ್ತಾರೆ. ಆದರೆ ನಿಜವಾದ ಶುದ್ಧಿ ಆಗುವುದು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ. ಬಟ್ಟೆಯ ಕಲೆ ತೆಗೆಯುವ ಬ್ಲೀಚಿನಲ್ಲಿರುವ ರಾಸಾಯನಿಕವೇ ಇದು. ಉಳಿದ ತಿರುಳಿನ ಚೂರನ್ನು ಕರಗಿಸುತ್ತದೆ, ಕ್ರಿಮಿಗಳನ್ನು ಕೊಲ್ಲುತ್ತದೆ. ಗಂಟಲಿಗೆ ಇಳಿಯಬಾರದ ವಸ್ತುವಾದ್ದರಿಂದ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುತ್ತಾರೆ. ಆ ಹಾಳೆ ಎಂಜಲನ್ನೂ ಹೊರಗಿಡುತ್ತದೆ.

ನಾಳ ಒಣಗಿದ ಮೇಲೆ ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತುವಿನ ಕಡ್ಡಿಗಳನ್ನು ಅಂಟಿನ ಜೊತೆ ತುಂಬುತ್ತಾರೆ. ಆಗ್ನೇಯ ಏಷ್ಯಾದ ಒಂದು ಮರದ ಹಾಲಿನಿಂದ ಬರುವ ಪದಾರ್ಥ ಅದು. ಕೊನೆಯ ಎಕ್ಸ್-ರೇಯಲ್ಲಿ ಬೇರಿನ ಒಳಗೆ ಬಿಳಿಯ ಗೆರೆಗಳಾಗಿ ಕಾಣುತ್ತದೆ. ಗೆರೆ ಬೇರಿನ ತುದಿಯಿಂದ ಎರಡು ಮಿಲಿಮೀಟರಿನೊಳಗೆ ಬಂದು ನಿಂತಿರಬೇಕು. ಅರ್ಧಕ್ಕೇ ನಿಂತಿದ್ದರೆ ಅಥವಾ ತುದಿ ದಾಟಿ ಎಲುಬಿಗೆ ಚುಚ್ಚಿದ್ದರೆ ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ತೊಡಕು ಶುರುವಾಗುವುದು ಮೊದಲ ಭೇಟಿಯ ನಂತರ. ತಿರುಳು ತೆಗೆದ ದಿನವೇ ರಾತ್ರಿಯ ಬೇನೆ ಬಹುಪಾಲು ಇಳಿಯುತ್ತದೆ. ನಾಲ್ಕು ದಿನ ಕಚ್ಚಿದಾಗ ಸ್ವಲ್ಪ ನೋವಿರಬಹುದು, ಅದೂ ಹೋಗುತ್ತದೆ. ಮುಂದಿನ ವಾರ ಬರಬೇಕೆಂದರೆ ತಂದೆಯ ಪ್ರಶ್ನೆ ಸಹಜ: ‘ನೋವು ಹೋಯ್ತಲ್ರಿ, ಮತ್ಯಾಕ ಬರಬೇಕು?’ ಕಮಲಾಪುರದಿಂದ ಕಲಬುರಗಿಗೆ ನಾಲ್ಕು ಸಲ ಬರುವುದೆಂದರೆ ಇಬ್ಬರ ಬಸ್ ಚಾರ್ಜು, ತೋಟದ ಕೆಲಸಕ್ಕೆ ನಾಲ್ಕು ದಿನ ರಜೆ, ಮಗಳಿಗೆ ನಾಲ್ಕು ದಿನದ ಪಾಠ ನಷ್ಟ. ಈ ಖರ್ಚು ಚೀಟಿಯಲ್ಲಿ ಇರುವುದಿಲ್ಲ. ಆದರೆ ಹಲ್ಲಿನ ಮೇಲಿರುವುದು ತಾತ್ಕಾಲಿಕ ಸಿಮೆಂಟು. ಕೆಲವು ವಾರಗಳಲ್ಲಿ ಸವೆದು, ಅಂಚಿನಿಂದ ಎಂಜಲು ಜಿನುಗಿದರೆ ತೊಳೆದ ನಾಳ ಮತ್ತೆ ಕೊಳಕಾಗುತ್ತದೆ. ಆಗ 3,500 ನೀರಿಗೆ ಹಾಕಿದಂತೆ. ದಿನಾಂಕಗಳನ್ನು ಮೊದಲೇ ಕೂತು ಗೊತ್ತುಮಾಡಿಕೊಳ್ಳುವುದು, ಸಾಧ್ಯವಾದರೆ ಎರಡು ಭೇಟಿಯ ಕೆಲಸ ಒಂದರಲ್ಲೇ ಮುಗಿಯುತ್ತದೆಯೇ ಎಂದು ಕೇಳುವುದು ಜಾಣತನ.

ಮೂರನೆಯ ಸಾಲು ಹಲ್ಲಿನ ನೆತ್ತಿಯನ್ನು ಗಟ್ಟಿಯಾಗಿ ತುಂಬುವುದು, 1,000. ನಾಲ್ಕನೆಯದು ಕ್ಯಾಪ್. ತಂದೆಯ ಪೆನ್ನು ನಿಲ್ಲುವುದು ಇಲ್ಲೇ. ಹುಳುಕು ತಿಂದು, ಕಿಂಡಿ ಕೊರೆದು, ದವಡೆ ಹಲ್ಲು ಈಗ ತಳ ಉಳಿದ ಮಡಕೆಯಂತೆ: ಸುತ್ತ ತೆಳ್ಳನೆಯ ಗೋಡೆ, ನಡುವೆ ತುಂಬಿದ ವಸ್ತು. ಕಟಕ್ ರೊಟ್ಟಿ, ಹುರಿಗಡಲೆ ಕಚ್ಚಿದಾಗ ಗೋಡೆಗಳು ಹೊರಗೆ ಬಾಗುತ್ತವೆ. ಒಂದು ದಿನ ಸೀಳುತ್ತವೆ. ಸೀಳು ಬೇರಿನವರೆಗೂ ಇಳಿದರೆ ಕೀಳುವುದಲ್ಲದೆ ದಾರಿಯಿಲ್ಲ. ಕ್ಯಾಪ್ ಗೋಡೆಗಳನ್ನು ಹೊರಗಿನಿಂದ ತಬ್ಬಿ ಹಿಡಿಯುತ್ತದೆ, ಪೀಪಾಯಿಗೆ ಕಬ್ಬಿಣದ ಪಟ್ಟಿ ಹಾಕಿದಂತೆ. ಹಿಡಿಯಲು ಒಸಡಿನ ಮೇಲೆ ಸುಮಾರು ಎರಡು ಮಿಲಿಮೀಟರಿನಷ್ಟು ಗಟ್ಟಿ ಹಲ್ಲು ಸುತ್ತಲೂ ಉಳಿದಿರಬೇಕು. ಅಷ್ಟೂ ಇಲ್ಲದಿದ್ದರೆ ಕ್ಯಾಪಿಗೆ ದುಡ್ಡು ಸುರಿಯುವ ಮುಂಚೆ ಯೋಚಿಸಬೇಕು. ಮುಂದಿನ ಹಲ್ಲಿನಲ್ಲಿ ಹುಳುಕು ಸಣ್ಣದಿದ್ದರೆ ಕ್ಯಾಪ್ ಇಲ್ಲದೆಯೂ ನಡೆದೀತು. ದವಡೆಗೆ ಈ ರಿಯಾಯಿತಿ ವಿರಳ.

ಕ್ಯಾಪಿನಲ್ಲಿ ಮೂರು ಬಗೆ ಬರೆದಿದೆ. ಬರೀ ಲೋಹದ್ದು 2,500, ಲೋಹದ ಮೇಲೆ ಪಿಂಗಾಣಿಯದು 4,000, ಝಿರ್ಕೋನಿಯಾ 7,000. ಮೊದಲ ಮೂರು ಸಾಲು ಕೂಡಿಸಿದರೆ 4,800. ಒಟ್ಟು ಕ್ರಮವಾಗಿ 7,300, 8,800, 11,800. ಲೋಹದ ಕ್ಯಾಪ್ ಬೆಳ್ಳಗಿಲ್ಲ ಎಂಬುದೊಂದೇ ಅದರ ದೊಡ್ಡ ದೋಷ. ತೆಳ್ಳಗೆ ಮಾಡಬಹುದಾದ್ದರಿಂದ ಹಲ್ಲನ್ನು ಕಡಿಮೆ ಉಜ್ಜಿದರೆ ಸಾಕು, ಅಗಿಯಲು ಗಟ್ಟಿ. ಪಿಂಗಾಣಿ ಹಾಕಿದ್ದು ಬಣ್ಣಕ್ಕೆ ಸರಿ, ಆದರೆ ಮೇಲಿನ ಪದರ ಚಕ್ಕೆ ಏಳುವುದುಂಟು. ಝಿರ್ಕೋನಿಯಾ ಗಟ್ಟಿಯೂ ಹೌದು, ಬಿಳಿಯೂ ಹೌದು, ಬೆಲೆಯೂ ಹೌದು. ಮೂರರಲ್ಲಿ ಯಾವುದನ್ನು ಹಾಕಿದರೂ ಅದರ ಅಂಚು ಹಲ್ಲಿಗೆ ಸರಿಯಾಗಿ ಕೂರದಿದ್ದರೆ ಕೆಳಗೆ ಮತ್ತೆ ಹುಳುಕು ಹಿಡಿಯುತ್ತದೆ.

‘ಕಿತ್ತುಬಿಡ್ರಿ’ ಎನ್ನುವ ಲೆಕ್ಕವೂ ನೋಡಬೇಕಲ್ಲ. ಕೀಳಲು 500 ಸಾಕು. ಆದರೆ ಖಾಲಿ ಜಾಗಕ್ಕೆ ಹಿಂದಿನ ಹಲ್ಲು ವಾಲುತ್ತದೆ, ಎದುರಿನ ಮೇಲಿನ ಹಲ್ಲು ಕೆಳಗಿಳಿಯಬಹುದು. ಮುಂದೆ ಕಟ್ಟಿಸಬೇಕೆಂದರೆ ಅಕ್ಕಪಕ್ಕದ ಎರಡು ಒಳ್ಳೆಯ ಹಲ್ಲುಗಳನ್ನು ಉಜ್ಜಿ ಮೂರು ಕ್ಯಾಪಿನ ಸೇತುವೆ ಹಾಕಬೇಕು: ಲೋಹದ್ದೇ ಆದರೂ 7,500. ಹದಿನೇಳರ ಹುಡುಗಿಗೆ ಇನ್ನೂ ಐವತ್ತು ವರ್ಷ ಅಗಿಯುವುದಿದೆ. ಹಣ ನಿಜವಾಗಿಯೂ ಸಾಲದಿದ್ದರೆ ಎಸ್. ನಿಜಲಿಂಗಪ್ಪ ಮತ್ತು ಅಲ್-ಬದರ್ ದಂತ ಕಾಲೇಜುಗಳು ನಗರದಲ್ಲಿವೆ. ದಂತ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣಳತೆಯಲ್ಲಿ ಚಿಕಿತ್ಸೆ ಮಾಡುವುದರಿಂದ ದರ ಸಾಮಾನ್ಯವಾಗಿ ಕಡಿಮೆ, ಆದರೆ ಕುರ್ಚಿಯಲ್ಲಿ ಕೂರುವ ಹೊತ್ತು ಹೆಚ್ಚು.

ಎಂಟು-ಒಂಬತ್ತು ವರ್ಷದ ಮಗುವಿನ ಇದೇ ಹಲ್ಲು ನೋಯುತ್ತಿದ್ದರೆ ಈ ಚೀಟಿ ಹೊಂದುವುದಿಲ್ಲ. ಆಗ ಬೇರಿನ ತುದಿ ಇನ್ನೂ ಬಾಯ್ದೆರೆದಿರುತ್ತದೆ. ತಿರುಳನ್ನು ಸಾಧ್ಯವಿದ್ದಷ್ಟು ಉಳಿಸಿ ಬೇರು ಬೆಳೆಯಲು ಬಿಡುವ ಬೇರೆಯೇ ಚಿಕಿತ್ಸೆ ಅದಕ್ಕಿದೆ.

ತಂದೆ ಕೊನೆಗೆ ಲೋಹದ ಕ್ಯಾಪಿನ ಎದುರು ಗುರುತು ಹಾಕುತ್ತಾನೆ. ಹಿಂದಿನ ಹಲ್ಲು, ನಕ್ಕರೂ ಕಾಣದು. ಮಗಳ ಮುಖ ಸ್ವಲ್ಪ ಸಣ್ಣಗಾದರೂ ಒಪ್ಪುತ್ತಾಳೆ. ಸಹಿ ಮಾಡುವ ಮುನ್ನ ಒಂದು ಮಾತು ಕೇಳಿಕೊಳ್ಳುತ್ತಾನೆ: ಕ್ಯಾಪ್ ಕಳಚಿದರೆ ಮತ್ತೆ ಕೂರಿಸಲು ದುಡ್ಡು ಬೇರೆಯೋ, ಇದರೊಳಗೋ? ಉತ್ತರವನ್ನು ವೈದ್ಯರು ಚೀಟಿಯ ಅಡಿಯಲ್ಲೇ ಬರೆಯುತ್ತಾರೆ. ಕ್ಯಾಪ್ ಕೂರಿಸುವ ದಿನ ಬಣ್ಣದ ಕಾಗದ ಕಚ್ಚಿಸಿ ಎತ್ತರ ಸರಿಪಡಿಸುತ್ತಾರೆ. ಕಚ್ಚಿದಾಗ ಅದೊಂದೇ ಮೊದಲು ತಾಗಿದರೆ ಮರುದಿನವೇ ಹೇಳಬೇಕು. ಆರು ತಿಂಗಳಿಗೆ, ಮತ್ತೆ ವರ್ಷಕ್ಕೆ ಒಂದೊಂದು ಎಕ್ಸ್-ರೇ. ಬೇರಿನ ತುದಿಯಲ್ಲಿ ಕಪ್ಪು ನೆರಳು ಇದ್ದಿದ್ದರೆ ಅದು ಕುಗ್ಗುತ್ತಿದೆಯೇ ಎಂದು ನೋಡಲು ಹಳೆಯ ಫಿಲಂ ಬೇಕಾಗುತ್ತದೆ. ಕಮಲಾಪುರಕ್ಕೆ ಹೊರಟ ಬಸ್ಸಿನಲ್ಲಿ ಅದು ಚೀಟಿಯ ಜೊತೆ ಮಗಳ ರಸಾಯನಶಾಸ್ತ್ರದ ಪುಸ್ತಕದೊಳಗೆ ಸೇರುತ್ತದೆ.