ಇಸಿಜಿ ಹಾಳೆಯಲ್ಲಿ ತಾಳ ತಪ್ಪಿದಾಗ

ಇಸಿಜಿ ಹಾಳೆಯ ಮೇಲಿರುವ ಚೌಕಗಳು ಸಮಯದ ಅಳತೆ. ಯಂತ್ರ ಸಾಮಾನ್ಯವಾಗಿ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಗೆರೆ ಎಳೆಯುತ್ತದೆ. ಹಾಗಾಗಿ ಒಂದು ಸಣ್ಣ ಚೌಕವೆಂದರೆ 0.04 ಸೆಕೆಂಡು, ಐದು ಸಣ್ಣ ಚೌಕಗಳ ಒಂದು ದೊಡ್ಡ ಚೌಕವೆಂದರೆ 0.2 ಸೆಕೆಂಡು.

ಪ್ರತಿ ಬಡಿತದಲ್ಲೂ ಮೊದಲು ಕಾಣುವುದು ಪುಟ್ಟ, ದುಂಡನೆಯ ಪಿ ಅಲೆ. ಹೃದಯದ ಮೇಲಿನ ಎರಡು ಕೋಣೆಗಳಾದ ಹೃತ್ಕರ್ಣಗಳಲ್ಲಿ ವಿದ್ಯುತ್ ಹರಡಿದ್ದನ್ನು ಅದು ತೋರಿಸುತ್ತದೆ. ಪಿ ಶುರುವಾದ 0.12ರಿಂದ 0.20 ಸೆಕೆಂಡಿನ ಒಳಗೆ ಚೂಪಾದ ಕ್ಯುಆರ್‌ಎಸ್ ಬರುತ್ತದೆ. ರಕ್ತವನ್ನು ದೇಹಕ್ಕೆ ಮತ್ತು ಶ್ವಾಸಕೋಶಕ್ಕೆ ತಳ್ಳುವ ಕೆಳಗಿನ ಕೋಣೆಗಳು, ಅಂದರೆ ಹೃತ್ಕುಕ್ಷಿಗಳು, ಆಗ ಪ್ರಚೋದನೆಗೊಳ್ಳುತ್ತವೆ. ನಂತರದ ಅಗಲವಾದ ಟಿ ಅಲೆ, ಹೃತ್ಕುಕ್ಷಿಗಳು ಮುಂದಿನ ಬಡಿತಕ್ಕೆ ಮತ್ತೆ ಅಣಿಯಾಗುವುದರ ಗುರುತು.

ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಹೃತ್ಕರ್ಣಗಳು ಒಟ್ಟಾಗಿ ಸಂಕುಚಿಸುವುದಿಲ್ಲ. ನಿಮಿಷಕ್ಕೆ ಮುನ್ನೂರಕ್ಕೂ ಹೆಚ್ಚು ಬಾರಿ ಅಸ್ತವ್ಯಸ್ತವಾಗಿ ಪ್ರಚೋದನೆಗೊಂಡು ನಡುಗುತ್ತವೆ. ಆದ್ದರಿಂದ ಪಿ ಅಲೆ ಮಾಯವಾಗಿ, ಅದರ ಜಾಗದಲ್ಲಿ ಗೆರೆ ಸಣ್ಣಗೆ ಅದುರಿದಂತೆ ಕಾಣುತ್ತದೆ. ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಎವಿ ನೋಡ್ ಈ ಪ್ರಚೋದನೆಗಳಲ್ಲಿ ಕೆಲವನ್ನು ಮಾತ್ರ, ಅದೂ ಯಾವ ಕ್ರಮವೂ ಇಲ್ಲದೆ, ಕೆಳಕ್ಕೆ ಬಿಡುತ್ತದೆ. ಕ್ಯುಆರ್‌ಎಸ್‌ಗಳ ನಡುವಿನ ಅಂತರ ಅಡ್ಡಾದಿಡ್ಡಿಯಾಗುವುದು ಇದರಿಂದಲೇ.

ಹಾಳೆಯ ತಳದಲ್ಲಿ ಸಾಮಾನ್ಯವಾಗಿ ಹತ್ತು ಸೆಕೆಂಡಿನ ಉದ್ದನೆಯ ಪಟ್ಟಿಯೊಂದು ಇರುತ್ತದೆ. ಒಂದು ಉದಾಹರಣೆ ನೋಡೋಣ. ಅಂಥ ಪಟ್ಟಿಯಲ್ಲಿ ಒಂದು ಚೂಪಿನಿಂದ ಮುಂದಿನದಕ್ಕೆ ಕ್ರಮವಾಗಿ 2, 3.5, 2.5, 3 ದೊಡ್ಡ ಚೌಕಗಳಿವೆ. ಬಿಳಿ ಕಾಗದವೊಂದರ ಅಂಚಿನಲ್ಲಿ ಮೂರು ನಾಲ್ಕು ಚೂಪುಗಳನ್ನು ಗುರುತು ಹಾಕಿಕೊಂಡು ಪಕ್ಕಕ್ಕೆ ಸರಿಸಿದರೆ, ಗುರುತುಗಳು ಎಲ್ಲೂ ಹೊಂದಿಕೊಳ್ಳುವುದಿಲ್ಲ. ವೇಗ ತಿಳಿಯಲು 300ನ್ನು ಒಂದೇ ಅಂತರದಿಂದ ಭಾಗಿಸಿದರೆ ಮೊದಲನೆಯದು 150 ಎನ್ನುತ್ತದೆ, ಎರಡನೆಯದು ಸುಮಾರು 86 ಎನ್ನುತ್ತದೆ. ಎರಡನ್ನೂ ನಂಬುವಂತಿಲ್ಲ. ಹತ್ತು ಸೆಕೆಂಡಿನ ಪಟ್ಟಿಯಲ್ಲಿರುವ ಎಲ್ಲ ಚೂಪುಗಳನ್ನು ಎಣಿಸಿ ಆರರಿಂದ ಗುಣಿಸಬೇಕು: 18 ಇದ್ದರೆ ಸರಾಸರಿ ವೇಗ ನಿಮಿಷಕ್ಕೆ 108.

ಅಂತರ ಏರುಪೇರಾದ ಮಾತ್ರಕ್ಕೆ ಇದೇ ಕಾಯಿಲೆ ಎನ್ನಲಾಗದು. ಉಸಿರಾಟದ ಜೊತೆಗೂ, ನಡುವೆ ನುಸುಳುವ ಹೆಚ್ಚುವರಿ ಬಡಿತಗಳಿಂದಲೂ ತಾಳ ಬದಲಾಗುತ್ತದೆ. ಆದರೆ ಆಗ ಮಾಮೂಲಿ ಬಡಿತಗಳ ಮುಂದೆ ಪಿ ಇದ್ದೇ ಇರುತ್ತದೆ. ರೋಗಿಯ ಕೈ ನಡುಗಿದರೂ ಗೆರೆ ಅದುರುತ್ತದೆ, ಆದರೆ ಚೂಪುಗಳ ಅಂತರ ಸಮನಾಗಿರುತ್ತದೆ. ಹಾಳೆಯ ಮೇಲೆ ಯಂತ್ರವೇ ಮುದ್ರಿಸುವ ತೀರ್ಮಾನ ಇಂಥ ಕಡೆ ಎಡವುವುದುಂಟು. ಅದನ್ನು ವೈದ್ಯರು ನೋಡಿ ಖಚಿತಪಡಿಸಬೇಕು.

ಈ ತೊಂದರೆ ಬಂದು ಹೋಗುವಂಥದ್ದೂ ಆಗಿರಬಹುದು. ಇಸಿಜಿ ತೆಗೆದ ಹತ್ತು ಸೆಕೆಂಡು ಸರಿಯಿದ್ದರೂ, ಎದೆ ಡವಗುಟ್ಟುವುದು ಮರುಕಳಿಸುತ್ತಿದ್ದರೆ ಒಂದು ದಿನ ಅಥವಾ ಹೆಚ್ಚು ಕಾಲ ಹೋಲ್ಟರ್ ಧರಿಸಬೇಕಾದೀತು. ನಡುಗುವ ಹೃತ್ಕರ್ಣದಲ್ಲಿ ರಕ್ತ ನಿಧಾನವಾಗಿ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು ಆಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಯಾರಿಗೆ ಬೇಕೆಂದು ವೈದ್ಯರು ವಯಸ್ಸು, ರಕ್ತದೊತ್ತಡ, ಮಧುಮೇಹ, ಹೃದಯದ ಕವಾಟಗಳ ಸ್ಥಿತಿ ನೋಡಿ ನಿರ್ಧರಿಸುತ್ತಾರೆ. ಎದೆ ಡವಗುಟ್ಟುವುದು ನಿಂತಿತೆಂದು ಅದನ್ನು ನಾವೇ ಬಿಡುವಂತಿಲ್ಲ.