ಕೆಂಪಿನೊಳಗಿನ ಬಾಗಿದ ಗೆರೆ

ಹೊಳವನಹಳ್ಳಿ, ಕೊರಟಗೆರೆ, ಮಧುಗಿರಿ ಕಡೆಯ ಮನೆಗಳಲ್ಲಿ ಕೆಂಪಿನ ಓಲೆಯೋ ಉಂಗುರವೋ ಪೆಟ್ಟಿಗೆಯಿಂದ ಹೊರಬಂದರೆ ಅದರ ಜೊತೆಗೇ ಒಂದು ಮಾತೂ ಬರುತ್ತದೆ: ಇದು ಅಜ್ಜಿಯ ಕಾಲದ್ದು, ಆದ್ದರಿಂದ ಅಸಲಿ. ಈ 'ಆದ್ದರಿಂದ' ನಿಲ್ಲುವುದಿಲ್ಲ. ಫ್ರಾನ್ಸಿನ ಆಗಸ್ಟ್ ವೆರ್ನ್ಯೂಯಿ ಕುಲುಮೆಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನವನ್ನು 1902ರಲ್ಲೇ ಪ್ರಕಟಿಸಿದ್ದರು. ಕೆಲವೇ ವರ್ಷಗಳಲ್ಲಿ ಅಂಥ ಹರಳು ಮಾರುಕಟ್ಟೆಗೆ ರಾಶಿಯಾಗಿ ಬಂತು. 1930ರ ಮದುವೆಯ ಒಡವೆಯಲ್ಲೂ ಅದು ಕೂತಿರಬಹುದು. ಹಳೆತನ ಸಾಕ್ಷಿಯಲ್ಲ, ಸಾಕ್ಷಿ ಹರಳಿನ ಒಳಗೇ ಇರಬೇಕು.

ಕುಲುಮೆಯ ಕೆಂಪನ್ನು ಗಾಜು ಎಂದು ತಳ್ಳಿಹಾಕುವುದೂ ತಪ್ಪು. ನೆಲದ ಮಾಣಿಕ್ಯ, ಕುಲುಮೆಯ ಮಾಣಿಕ್ಯ ಎರಡೂ ಅಲ್ಯೂಮಿನಿಯಂ ಆಕ್ಸೈಡ್. ಎರಡಕ್ಕೂ ಕೆಂಪು ಕೊಡುವುದು ಚೂರು ಕ್ರೋಮಿಯಂ. ಸಾಣೆಗೆ ಬಳಸುವ ಮಬ್ಬು ಕುರುಂದವೂ ಇದೇ ಖನಿಜ. ಎಚ್‌ಎಂಟಿ ಗಡಿಯಾರದ ಮುಖದ ಮೇಲೆ '17 ಜ್ಯುವೆಲ್ಸ್' ಎಂದು ಬರೆದಿರುತ್ತಿತ್ತಲ್ಲ, ಚಕ್ರಗಳ ಮೊನೆ ಸವೆಯದಂತೆ ಕೂರಿಸುವ ಆ ಹರಳುಗಳೂ ಕುಲುಮೆಯ ಮಾಣಿಕ್ಯವೇ. ಗಡಸುತನ, ತೂಕ, ಬೆಳಕನ್ನು ಬಾಗಿಸುವ ಪ್ರಮಾಣ ಎಲ್ಲವೂ ಒಂದೇ ಆದ ಮೇಲೆ ಗೀರಿ ನೋಡುವುದರಿಂದಾಗಲಿ, ಹಾಲಿನಲ್ಲಿ ಹಾಕಿ ಹಾಲು ಕೆಂಪಾಯಿತೇ ಎಂದು ಕಾಯುವುದರಿಂದಾಗಲಿ ಏನೂ ತಿಳಿಯದು. ನೇರಳಾತೀತ ದೀಪದಡಿ ಎರಡೂ ಕೆಂಪಗೆ ಹೊಳೆಯಬಲ್ಲವು. ಉಳಿಯುವುದು ಒಂದೇ ವ್ಯತ್ಯಾಸ: ಬೆಳೆದ ರೀತಿ.

ವೆರ್ನ್ಯೂಯಿ ವಿಧಾನದಲ್ಲಿ ನುಣ್ಣನೆಯ ಪುಡಿ ಸುಮಾರು 2,000 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ಜ್ವಾಲೆಯ ಮೂಲಕ ಉದುರಿ, ಕರಗಿ, ಕೆಳಗಿನ ಕಡ್ಡಿಯ ತುದಿಯಲ್ಲಿ ಪದರ ಪದರವಾಗಿ ಗಟ್ಟಿಯಾಗುತ್ತದೆ. ಬೆಳೆಯುವ ದಿಂಡಿನ ನೆತ್ತಿ ಉಬ್ಬಾಗಿರುವುದರಿಂದ ಪ್ರತಿ ಪದರವೂ ಬಾಗಿರುತ್ತದೆ. ಬಣ್ಣ ಎಲ್ಲ ಪದರದಲ್ಲೂ ಸಮನಾಗಿ ಸೇರದೆ ಆ ಬಾಗು ಗೆರೆಯಾಗಿ ಉಳಿಯುತ್ತದೆ, ಗ್ರಾಮಫೋನ್ ತಟ್ಟೆಯ ಗೀರುಗಳ ಹಾಗೆ. ನೆಲದೊಳಗೆ ಹರಳು ಚಪ್ಪಟೆ ಮುಖಗಳ ಮೇಲೆ ಬೆಳೆಯುತ್ತದೆ. ಅದರ ಬಣ್ಣದ ಪಟ್ಟೆಗಳು ನೇರವಾಗಿ ಹೋಗಿ 60 ಅಥವಾ 120 ಡಿಗ್ರಿಯಲ್ಲಿ ತಿರುಗುತ್ತವೆ. ಬಾಗಿದ ಬೆಳವಣಿಗೆ ಗೆರೆ ಒಂದೇ ಒಂದು ಖಚಿತವಾಗಿ ಕಂಡರೂ ಹರಳು ನೆಲದ್ದಲ್ಲ ಎಂದು ತೀರ್ಮಾನಿಸಬಹುದು.

ಆದರೆ ಅದು ಸುಲಭವಾಗಿ ಕಾಣುವುದಿಲ್ಲ. ಹೊಳವನಹಳ್ಳಿಯ ಒಂದು ಮನೆಯ ಹಳೆಯ ಉಂಗುರವನ್ನೇ ಊಹಿಸಿಕೊಳ್ಳಿ. ಹತ್ತುಪಟ್ಟು ಭೂತಗನ್ನಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಮೇಲ್ಮೈಯ ಗೀರು. ಅದನ್ನೇ ಬೆಳವಣಿಗೆಯ ಗೆರೆ ಎಂದುಕೊಂಡು ಮೋಸಹೋಗುವವರು ಇದ್ದಾರೆ. ಮೆರುಗಿನ ಗೀರು ಒಂದು ಪಟ್ಟದ ಅಂಚಿಗೆ ಬಂದು ನಿಲ್ಲುತ್ತದೆ, ಮುಂದಿನ ಪಟ್ಟದಲ್ಲಿ ದಿಕ್ಕು ಬದಲಿಸುತ್ತದೆ. ಒಳಗಿನ ಗೆರೆಗೆ ಪಟ್ಟದ ಪರಿವೆಯೇ ಇಲ್ಲ, ಅಂಚು ದಾಟಿಯೂ ಮುಂದುವರಿಯುತ್ತದೆ. ದೀಪಕ್ಕೂ ಹರಳಿಗೂ ನಡುವೆ ತೆಳು ಬಿಳಿ ಕಾಗದ ಹಿಡಿದು, ಉಂಗುರವನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ ಯಾವುದೋ ಒಂದು ಕೋನದಲ್ಲಿ ಮಾತ್ರ ಅದು ತೋರುತ್ತದೆ. ಪ್ರಯೋಗಾಲಯದಲ್ಲಿ ಹರಳನ್ನು ಮಿಥಿಲೀನ್ ಅಯೊಡೈಡ್ ದ್ರವದಲ್ಲಿ ಮುಳುಗಿಸಿ ಪಟ್ಟಗಳ ಹೊಳಪನ್ನು ಅಡಗಿಸುತ್ತಾರೆ. ಹಿಂಬದಿಗೆ ತಗಡು ಮುಚ್ಚಿ ಕಟ್ಟಿದ ಒಡವೆಯಾದರೆ ಬೆಳಕು ಹಿಂದಿನಿಂದ ಬರುವಂತೆಯೇ ಇಲ್ಲ. ಪಕ್ಕದಿಂದ ಹಾಯಿಸಿದ ಬೆಳಕಿನಲ್ಲಿ ಸಿಕ್ಕಷ್ಟೇ ನೋಟ.

ಗೆರೆ ಸಿಗದಿದ್ದರೆ ಗುಳ್ಳೆ ಇದೆಯಲ್ಲ ಎನ್ನಬಹುದು. ಕುಲುಮೆಯ ಹರಳಿನಲ್ಲಿ ದುಂಡಗಿನ, ಕೆಲವೊಮ್ಮೆ ಬಾಲವಿರುವ ಗಾಳಿಗುಳ್ಳೆಗಳು ಇರುವುದು ನಿಜ. ಆದರೆ ಬಿರುಕುಗಳಿಗೆ ಸೀಸದ ಗಾಜು ತುಂಬಿದ ನೆಲದ ಮಾಣಿಕ್ಯ 2004ರ ಹೊತ್ತಿಗೆ ಮಾರುಕಟ್ಟೆಗೆ ಬಂದ ಮೇಲೆ ಗುಳ್ಳೆಯೊಂದೇ ಸಾಲದಾಯಿತು. ಅಂಥ ಗುಳ್ಳೆ ಬಿರುಕಿನ ಗಾಜಿನೊಳಗೆ ಚಪ್ಪಟೆಯಾಗಿ ಕೂತಿರುತ್ತದೆ, ಹರಳು ಅಲುಗಿಸಿದರೆ ಅಲ್ಲಿ ನೀಲಿ ಮಿಂಚು ಹಾಯುತ್ತದೆ. ಇನ್ನು ನೆಲದ ಕೆಂಪಿನ ಗುರುತೆಂದು ಹೇಳುವ ರೇಷ್ಮೆ, ಅಂದರೆ ಮೂರು ದಿಕ್ಕಿನಲ್ಲಿ 60 ಡಿಗ್ರಿಯಲ್ಲಿ ಹಾಯುವ ರೂಟೈಲ್ ಸೂಜಿಗಳು, ಕಂಡರೆ ದೊಡ್ಡ ಭರವಸೆ. ಕಾಣದಿದ್ದರೆ ತೀರ್ಪು ಕೊಡಬಾರದು, ಏಕೆಂದರೆ ಬಣ್ಣ ಸುಧಾರಿಸಲು ಹೆಚ್ಚು ಕಾಯಿಸಿದಾಗ ಆ ಸೂಜಿಗಳು ಕರಗಿಹೋಗುತ್ತವೆ. ಬೆರಳಚ್ಚಿನಂಥ ಬಿರುಕನ್ನಂತೂ ನಂಬುವಂತೆಯೇ ಇಲ್ಲ: ಕುಲುಮೆಯ ಹರಳನ್ನು ಕಾಯಿಸಿ ತಣ್ಣೀರಿಗೆ ಹಾಕಿ ಒಳಗೆ ಬಿರುಕು ಬಿಡಿಸುವ ಜಾಣತನ ಹಳೆಯದು. ಕರಗಿಸಿದ ಲವಣದ ದ್ರವದಲ್ಲಿ ತಿಂಗಳುಗಟ್ಟಲೆ ಬೆಳೆಸಿದ ಹರಳಿನಲ್ಲಿ ಬಾಗಿದ ಗೆರೆಯೂ ಇರುವುದಿಲ್ಲ, ಗುಳ್ಳೆಯೂ ಇರುವುದಿಲ್ಲ. ತಿರುಚಿದ ಮುಸುಕಿನಂಥ ಲವಣದ ಶೇಷ ಇದ್ದೀತು. ಏನೂ ಕಾಣದ ತಿಳಿಯಾದ ಹರಳಿಗೆ ಭೂತಗನ್ನಡಿ ಉತ್ತರ ಹೇಳುವುದಿಲ್ಲ, ಗ್ಯಾಲಿಯಂ, ವೆನೇಡಿಯಂಗಳ ಅಂಶ ಅಳೆಯುವ ಪ್ರಯೋಗಾಲಯಕ್ಕೇ ಹೋಗಬೇಕು.

ಹಾಗಾದರೆ ಬಾಗಿದ ಗೆರೆಗೆ ಇಷ್ಟು ಮಹತ್ವ ಏಕೆ? ಹಳೆಯ ಮನೆಗಳ ಒಡವೆಯಲ್ಲಿ ಕುಲುಮೆಯ ಕೆಂಪು ಇದ್ದರೆ ಅದು ಬಹುಪಾಲು ವೆರ್ನ್ಯೂಯಿಯದೇ. ಆ ಗೆರೆಯನ್ನು ಹುಡುಕಲು ಬೇಕಾದದ್ದು ಭೂತಗನ್ನಡಿ, ದೀಪ, ತಾಳ್ಮೆ. ಹಳೆಯ ಒಡವೆ ಮಾರುವಾಗ ಹರಳಿನ ತೂಕ ಕಳೆದು ಚಿನ್ನಕ್ಕೆ ಮಾತ್ರ ಬೆಲೆ ಕಟ್ಟುತ್ತಾರೆ. ಕಿತ್ತ ಕೆಂಪು ಕಾಗದದ ಪೊಟ್ಟಣಕ್ಕೆ ಸೇರಿ, ಯಾವ ಮನೆಯದು, ಯಾವ ಮದುವೆಯದು ಎಂಬುದು ಅಲ್ಲಿಗೇ ಅಳಿಸಿಹೋಗುತ್ತದೆ. ಅದರ ಒಳಗೆ ಗೆರೆ ಬಾಗಿತ್ತೋ ನೇರವಾಗಿತ್ತೋ ಎಂದು ಒಡವೆ ಕರಗಿಸುವ ಮೊದಲು ನೋಡಿದ್ದರೆ ತಿಳಿಯುತ್ತಿತ್ತು.