ಜೂನ್ ಲೆಕ್ಕ ಅಕ್ಟೋಬರ್‌ನಲ್ಲಿ ಬದಲಾದದ್ದು ಹೇಗೆ?

ಒಂದು ಮಧ್ಯಮ ಗಾತ್ರದ ಕಾರ್ಖಾನೆ ಎಂದಿಟ್ಟುಕೊಳ್ಳಿ. 2024ರ ಏಪ್ರಿಲ್‌ನಿಂದ ಜೂನ್‌ವರೆಗಿನ ಸಂಬಳದ ವೆಚ್ಚವನ್ನು ಜುಲೈಯಲ್ಲಿ ತೆಗೆದು ನೋಡಿದಾಗ ಲೆಕ್ಕಪತ್ರ ವಿಭಾಗದ್ದು 7,20,000 ರೂಪಾಯಿ, ಖರೀದಿ ವಿಭಾಗದ್ದು 4,50,000 ರೂಪಾಯಿ ಇತ್ತು. ಅದೇ ಮೂರು ತಿಂಗಳ ವರದಿಯನ್ನು ಅಕ್ಟೋಬರ್‌ನಲ್ಲಿ ಮತ್ತೆ ತೆಗೆದರೆ ಲೆಕ್ಕಪತ್ರ 5,94,000, ಖರೀದಿ 5,76,000. ಯಾರೂ ಹಳೆಯ ಸಂಬಳ ತಿದ್ದಿಲ್ಲ, ಕಳ್ಳತನವೂ ಆಗಿಲ್ಲ. ಆಗಿದ್ದು ಇಷ್ಟೇ: ತಿಂಗಳಿಗೆ 42,000 ರೂಪಾಯಿ ಸಂಬಳದ, 214ನೇ ನಂಬರಿನ ಉದ್ಯೋಗಿಯೊಬ್ಬರು ಆಗಸ್ಟ್ 16ರಂದು ಲೆಕ್ಕಪತ್ರದಿಂದ ಖರೀದಿಗೆ ಹೋದರು. ಹೋಗುವಾಗ ತಮ್ಮ ಹಿಂದಿನ ಮೂರು ತಿಂಗಳ 1,26,000 ರೂಪಾಯಿಯನ್ನೂ ಜೊತೆಗೆ ಕರೆದುಕೊಂಡು ಹೋದಂತಾಯಿತು.

ಇದು ಬೇಗ ಕಣ್ಣಿಗೆ ಬೀಳುವುದಿಲ್ಲ. ಒಟ್ಟು ಮೊತ್ತ ಎರಡು ಬಾರಿಯೂ 11,70,000 ರೂಪಾಯಿಯೇ. ಮೊತ್ತ ತಾಳೆಯಾದರೆ ಎಲ್ಲ ಸರಿ ಎಂದುಕೊಳ್ಳುವ ನಮಗೆ, ಒಳಗಿನ ಹಂಚಿಕೆ ಜಾರಿದ್ದು ತಿಳಿಯಬೇಕಾದರೆ ಜುಲೈಯ ಪ್ರತಿಯೊಂದು ಕೈಯಲ್ಲಿರಬೇಕು.

ತಪ್ಪು ಇರುವುದು ಸಂಬಳದ ಪಟ್ಟಿಯಲ್ಲಲ್ಲ, ಉದ್ಯೋಗಿಗಳ ಪಟ್ಟಿಯಲ್ಲಿ. ಅಲ್ಲಿ ಒಬ್ಬರಿಗೆ ಒಂದೇ ಸಾಲು, ವಿಭಾಗಕ್ಕೆ ಒಂದೇ ಖಾನೆ. ಸಂಬಳದ ಪಟ್ಟಿಯಲ್ಲಿ ವಿಭಾಗದ ಹೆಸರೇ ಇರುವುದಿಲ್ಲ, ಉದ್ಯೋಗಿ ನಂಬರ್ ಮಾತ್ರ ಇರುತ್ತದೆ. ವರದಿ ತೆಗೆಯುವಾಗ ಕಂಪ್ಯೂಟರ್ 214 ಯಾರೆಂದು ನೋಡುತ್ತದೆ, ಆ ಹೊತ್ತಿಗೆ ಖಾನೆಯಲ್ಲಿ ಏನು ಬರೆದಿದೆಯೋ ಅದನ್ನೇ ಎಲ್ಲ ತಿಂಗಳಿಗೂ ಹಚ್ಚುತ್ತದೆ. ಹಳೆಯದನ್ನು ಅಳಿಸಿ ಹೊಸದನ್ನು ಬರೆದ ಮೇಲೆ ಹಳೆಯದು ಇತ್ತೆಂಬುದಕ್ಕೆ ಕುರುಹೇ ಇಲ್ಲ.

ನಮ್ಮ ಸರ್ಕಾರಿ ಕಚೇರಿಗಳ ಗುಮಾಸ್ತರು ಈ ತಪ್ಪು ಮಾಡುವವರಲ್ಲ. ಸೇವಾ ಪುಸ್ತಕದಲ್ಲಿ ವರ್ಗಾವಣೆಯಾದಾಗ ಹಳೆಯ ಸಾಲನ್ನು ಮುಟ್ಟುವುದಿಲ್ಲ, ಕೆಳಗೆ ಹೊಸ ಸಾಲು ಬರೆಯುತ್ತಾರೆ. ಬಿಡುಗಡೆಯಾದ ದಿನ, ಹೊಸ ಜಾಗದಲ್ಲಿ ಹಾಜರಾದ ದಿನ, ಜೊತೆಗೆ ಪೂರ್ವಾಹ್ನವೋ ಅಪರಾಹ್ನವೋ ಎಂಬುದೂ ದಾಖಲಾಗುತ್ತದೆ. ಡೇಟಾಬೇಸ್‌ನಲ್ಲಿ ಮಾಡಬೇಕಾದದ್ದೂ ಬಹುಮಟ್ಟಿಗೆ ಇದೇ. ಅಮೆರಿಕದ ರಾಲ್ಫ್ ಕಿಂಬಾಲ್ 1996ರಲ್ಲಿ ಡೇಟಾ ವೇರ್‌ಹೌಸ್ ಬಗ್ಗೆ ಬರೆದ ಪುಸ್ತಕದಿಂದಾಗಿ ಈ ಕ್ಷೇತ್ರದವರು ಇದನ್ನು 'ಟೈಪ್ 2' ಎಂದು ಕರೆಯುವುದು ರೂಢಿಯಾಯಿತು. ಅಳಿಸಿ ಬರೆಯುವುದು 'ಟೈಪ್ 1'. ಹೆಸರಿನಲ್ಲಿ ಏನೂ ಸ್ವಾರಸ್ಯವಿಲ್ಲ, ಆದರೆ ಸಾಫ್ಟ್‌ವೇರ್‌ನವರ ಜೊತೆ ಮಾತಾಡುವಾಗ ಉಪಯೋಗಕ್ಕೆ ಬರುತ್ತದೆ.

ಹಾಗಾಗಿ ವಿಭಾಗವನ್ನು ಉದ್ಯೋಗಿ ಪಟ್ಟಿಯಿಂದ ತೆಗೆದು ಬೇರೆ ಪಟ್ಟಿಗೆ ಹಾಕುತ್ತೇವೆ. 214ಕ್ಕೆ ಈಗ ಎರಡು ಸಾಲು:

```
emp_id  dept      from_date   to_date
214     Accounts  2021-06-01  2024-08-16
214     Purchase  2024-08-16  9999-12-31
```

ಕೊನೆಯ ದಿನಾಂಕ ವಿಚಿತ್ರವಾಗಿ ಕಂಡೀತು. 'ಇನ್ನೂ ಅಲ್ಲೇ ಇದ್ದಾರೆ' ಎಂದು ಹೇಳಲು ಎಷ್ಟೋ ಕಡೆ ಹೀಗೆ ಯಾರೂ ತಲುಪದ ದಿನವೊಂದನ್ನು ಬರೆದಿಡುತ್ತಾರೆ. ವರದಿ ಈಗ 214 ಯಾರೆಂದಷ್ಟೇ ಕೇಳಿದರೆ ಸಾಲದು, ಆ ದಿನ ಎಲ್ಲಿದ್ದರು ಎಂದೂ ಕೇಳಬೇಕು:

```sql
SELECT h.dept, SUM(p.amount)
FROM pay p
JOIN emp_dept h
  ON  h.emp_id = p.emp_id
  AND p.work_date >= h.from_date
  AND p.work_date <  h.to_date
GROUP BY h.dept;
```

ಏಪ್ರಿಲ್, ಮೇ, ಜೂನ್ ತಿಂಗಳ ಸಂಬಳಗಳು ಮೊದಲ ಸಾಲಿಗೆ ಸೇರುತ್ತವೆ, `WHERE` ಸೇರಿಸಿ ವರದಿಯನ್ನು ಆ ಮೂರು ತಿಂಗಳಿಗೆ ಸೀಮಿತಗೊಳಿಸಿದರೆ ಲೆಕ್ಕಪತ್ರದ 7,20,000 ಮರಳಿ ಬರುತ್ತದೆ.

ಎರಡು ಸಾಲಿನಲ್ಲೂ ಆಗಸ್ಟ್ 16 ಇರುವುದನ್ನು ಗಮನಿಸಿ. ಮೊದಲ ಸಾಲು 16 ಶುರುವಾಗುವ ಮುಂಚೆ ಮುಗಿಯುತ್ತದೆ, ಅದಕ್ಕೇ ಕೋಡ್‌ನಲ್ಲಿ `<` ಇದೆ, `<=` ಇಲ್ಲ. ಸಮಚಿಹ್ನೆಯೊಂದನ್ನು ಅಲ್ಲಿ ಸೇರಿಸಿದರೆ 16ರಂದು ಮಾಡಿದ ಓವರ್‌ಟೈಮ್ ಎರಡೂ ವಿಭಾಗಗಳಲ್ಲಿ ಬರುತ್ತದೆ. ಚಿಹ್ನೆ ಸರಿಯಾಗಿದ್ದು, ಮೊದಲ ಸಾಲಿನ ಕೊನೆಯನ್ನು 15 ಎಂದು ಬರೆದರೆ 15ನೇ ತಾರೀಖಿನ ದುಡಿಮೆ ಎಲ್ಲೂ ಸೇರದೆ ಮಾಯವಾಗುತ್ತದೆ. ಕಂಡುಹಿಡಿಯುವುದು ಸುಲಭ. ಓವರ್‌ಟೈಮ್ ಪಟ್ಟಿಯನ್ನು ವಿಭಾಗದ ಗೊಡವೆಯಿಲ್ಲದೆ ಒಮ್ಮೆ ಕೂಡಿ, ವಿಭಾಗವಾರು ಮೊತ್ತಗಳನ್ನು ಇನ್ನೊಮ್ಮೆ ಕೂಡಿ. ವಿಭಾಗವಾರು ಮೊತ್ತ ಹೆಚ್ಚು ಬಂದರೆ ಎಲ್ಲೋ ಎರಡು ಸಾಲು ಒಂದರ ಮೇಲೊಂದು ಬಿದ್ದಿವೆ, ಕಡಿಮೆ ಬಂದರೆ ನಡುವೆ ಸಂದು ಬಿಟ್ಟಿದೆ. ಸೇವಾ ಪುಸ್ತಕದ ಪೂರ್ವಾಹ್ನ-ಅಪರಾಹ್ನದ ಕಟ್ಟುನಿಟ್ಟು ಬರೀ ಶಿಷ್ಟಾಚಾರ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಒಂದು ದಿನ ಯಾರ ಲೆಕ್ಕಕ್ಕೆ ಎಂಬ ಜಗಳವನ್ನು ಅದು ಮೊದಲೇ ತೀರ್ಮಾನಿಸಿಬಿಡುತ್ತದೆ.

ಆಗಸ್ಟ್ ತಿಂಗಳ ಸಂಬಳವೇ ಬೇರೆ ತಕರಾರು. ಆ ಸಾಲಿನ ದಿನಾಂಕ ಆಗಸ್ಟ್ 31 ಆಗಿದ್ದರೆ 42,000 ಇಡಿಯಾಗಿ ಖರೀದಿಯ ತಲೆಗೆ ಬೀಳುತ್ತದೆ. ದಿನದ ಲೆಕ್ಕದಲ್ಲಿ ಹಂಚಿದರೆ 15 ದಿನಕ್ಕೆ ಲೆಕ್ಕಪತ್ರಕ್ಕೆ 20,323, ಉಳಿದ 16 ದಿನಕ್ಕೆ ಖರೀದಿಗೆ 21,677 ರೂಪಾಯಿ. ಎರಡರಲ್ಲಿ ಯಾವುದು ಸರಿ ಎಂದು ಕಂಪ್ಯೂಟರ್ ಹೇಳಲಾರದು. ಹಣಕಾಸಿನವರು ಒಂದು ನಿಯಮ ಮಾಡಿ ಅದನ್ನೇ ಎಲ್ಲರಿಗೂ ಅನ್ವಯಿಸಬೇಕು.

ಇನ್ನು ಪ್ರತಿ ತಿದ್ದುಪಡಿಗೂ ಹೊಸ ಸಾಲು ಬರೆಯುವ ಅತಿ ಉತ್ಸಾಹ. ಖರೀದಿ ಎಂದು ಹಾಕಬೇಕಾದಲ್ಲಿ ಗುಮಾಸ್ತರು ಕೈತಪ್ಪಿ ಉಗ್ರಾಣ ಎಂದು ಹಾಕಿ ಮಾರನೆಯ ವಾರ ಸರಿಪಡಿಸಿದರೆ ಅದು ವರ್ಗಾವಣೆಯಲ್ಲ. ಅಲ್ಲಿ ಹಳೆಯ ಸಾಲನ್ನೇ ತಿದ್ದಬೇಕು. ಇಲ್ಲದಿದ್ದರೆ 214 ಒಂದು ವಾರ ಉಗ್ರಾಣದಲ್ಲಿ ದುಡಿದರೆಂಬ, ನಡೆಯದೇ ಇದ್ದ ಚರಿತ್ರೆ ಉಳಿಯುತ್ತದೆ. ಬದಲಾವಣೆ ಉಳಿಸುವ ತಂತ್ರಾಂಶದ ಪರದೆಯಲ್ಲಿ 'ವಿಭಾಗ ಬದಲಾಯಿತು', 'ತಪ್ಪು ತಿದ್ದುತ್ತಿದ್ದೇನೆ' ಎಂದು ಎರಡು ಬೇರೆ ಗುಂಡಿಗಳಿರಬೇಕೆಂದು ನಾನು ವಾದಿಸುವುದು ಇದಕ್ಕೇ.

ಇಷ್ಟೆಲ್ಲ ಆದಮೇಲೂ ಒಂದು ಗಂಟು ಉಳಿಯುತ್ತದೆ. ವರ್ಗಾವಣೆಯ ಆದೇಶ ಸಿಬ್ಬಂದಿ ವಿಭಾಗದ ಕೈಸೇರಿದ್ದು ಸೆಪ್ಟೆಂಬರ್ 5ಕ್ಕೆ, ಅದರಲ್ಲಿ 'ಆಗಸ್ಟ್ 16ರಿಂದ ಜಾರಿ' ಎಂದಿತ್ತು ಅನ್ನೋಣ. ಆದೇಶ ತಡವಾಗಿ ಬರುವುದು ನಮ್ಮಲ್ಲಿ ಹೊಸದೇನಲ್ಲ. ಕೆಲವು ಡೇಟಾಬೇಸ್‌ಗಳು ಸಾಲು ತಿದ್ದಿದಾಗೆಲ್ಲ ಹಳೆಯದನ್ನು ತಾವಾಗಿಯೇ ಕಾಪಿಡುತ್ತವೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2016ರ ಆವೃತ್ತಿಯಿಂದ ಈ ಸೌಲಭ್ಯವಿದೆ. ಅದನ್ನು ಚಾಲೂ ಮಾಡಿ ಕೆಲಸ ಮುಗಿಯಿತೆಂದು ಕೂತರೆ, ಅದು ಬರೆದಿಡುವುದು ಟೈಪ್ ಮಾಡಿದ ಗಳಿಗೆಯನ್ನು, ಜಾರಿಯಾದ ದಿನವನ್ನಲ್ಲ. ಅದರ ಪ್ರಕಾರ 214 ಸೆಪ್ಟೆಂಬರ್ 4ರವರೆಗೂ ಲೆಕ್ಕಪತ್ರದಲ್ಲೇ ಇದ್ದರು. ಜಾರಿಯ ದಿನಾಂಕವನ್ನು ಮನುಷ್ಯರೇ ನಮೂದಿಸಬೇಕು.

ಆದರೆ ದಾಖಲಾದ ದಿನವೂ ವ್ಯರ್ಥವಲ್ಲ. ಆಗಸ್ಟ್ ಸಂಬಳದ ವರದಿಗೆ ಸೆಪ್ಟೆಂಬರ್ 2ರಂದೇ ಸಹಿ ಬಿದ್ದಿದ್ದರೆ ಅದರಲ್ಲಿ 214 ಲೆಕ್ಕಪತ್ರದವರು. ಇಂದು ತೆಗೆದರೆ ಖರೀದಿಯವರು. ಎರಡೂ ಸುಳ್ಳಲ್ಲ: ಮೊದಲನೆಯದು ಆ ದಿನ ಕಚೇರಿಗೆ ಗೊತ್ತಿದ್ದದ್ದು, ಎರಡನೆಯದು ನಿಜವಾಗಿ ನಡೆದದ್ದು. ಲೆಕ್ಕಪರಿಶೋಧಕರು ಸಹಿಯಾದ ಅದೇ ಪ್ರತಿಯನ್ನು ಮತ್ತೆ ತೆಗೆದು ಕೊಡಿ ಎಂದರೆ ಜಾರಿಯ ದಿನಾಂಕಗಳ ಜೊತೆಗೆ ದಾಖಲಿಸಿದ ದಿನಾಂಕಗಳೂ ಪಟ್ಟಿಯಲ್ಲಿರಬೇಕು. 2011ರ ಎಸ್‌ಕ್ಯೂಎಲ್ ಮಾನದಂಡದಲ್ಲಿ ಈ ಎರಡು ಬಗೆಯ ಕಾಲಕ್ಕೂ ಜಾಗವಿದೆ. ಸಣ್ಣ ಕಚೇರಿಗೆ ಅಷ್ಟು ಹೊರೆ ಬೇಡ ಅನಿಸಿದರೆ, ಸಹಿಯಾದ ವರದಿಯ ಪಿಡಿಎಫ್ ಅನ್ನು ಆ ತಿಂಗಳ ಫೋಲ್ಡರ್‌ನಲ್ಲಿ ಇಟ್ಟು, ಮೇಲೆ 'ಸೆಪ್ಟೆಂಬರ್ 2ರಂತೆ' ಎಂದು ಬರೆದರೂ ನಡೆಯುತ್ತದೆ.